ತೋಟಕ್ಕೆ ಸುಣ್ಣ, ಸವಳು ಗದ್ದೆಗೆ ಜಿಪ್ಸಂ: ಒಂದರ ಬದಲು ಇನ್ನೊಂದು ಯಾಕೆ ಆಗಲ್ಲ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಒಂದು ಎಕರೆ ಅಡಿಕೆ ತೋಟ. ಮಣ್ಣು ಪರೀಕ್ಷೆಯಲ್ಲಿ ಪಿಎಚ್ 4.9 ಬಂದಿದೆ, ಸುಣ್ಣ ಹಾಕಿ ಅಂತ ಬರೆದಿದ್ದಾರೆ. ನಮ್ಮ ಭಾವ ಸಿಂಧನೂರು ಕಡೆ ಭತ್ತ ಬೆಳೆಯುತ್ತಾರೆ, ಅವರ ಗದ್ದೆಯ ಪಿಎಚ್ 9.1. ಅವರು ಒಂದು ಎಕರೆಗೆ 30 ಚೀಲ ಜಿಪ್ಸಂ ಹಾಕಿದ್ದಾರೆ, ಇನ್ನೂ 20 ಚೀಲ ಉಳಿದಿದೆ. ಎರಡರಲ್ಲೂ ಇರೋದು ಕ್ಯಾಲ್ಸಿಯಂ ಅಲ್ವಾ? ಆ ಜಿಪ್ಸಂ ತಂದು ನಮ್ಮ ತೋಟಕ್ಕೆ ಹಾಕಿದರೆ ಆಗಲ್ವಾ? ಭಾವ ಜಿಪ್ಸಂ ಬದಲು ಸುಣ್ಣ ಹಾಕಿದ್ದರೂ ನಡೀತಿತ್ತಾ?

ಉತ್ತರ: ಎರಡೂ ಆಗಲ್ಲ. ಅದಲು ಬದಲು ಮಾಡಿದರೆ ಎರಡು ಕಡೆಯೂ ದುಡ್ಡು ದಂಡ. ನಿಮ್ಮ ತೋಟಕ್ಕಂತೂ ಸ್ವಲ್ಪ ನಷ್ಟವೂ ಆಗಬಹುದು. ಆ 20 ಚೀಲ ಸಿಂಧನೂರಿನಲ್ಲೇ ಇರಲಿ. ಭಾವನ ಗದ್ದೆಗೇ ಅದು ಬೇಕಾಗಬಹುದು, ಆ ಲೆಕ್ಕ ಮುಂದೆ ಮಾಡೋಣ.

ಕ್ಯಾಲ್ಸಿಯಂ ಎರಡರಲ್ಲೂ ಇದೆ, ನಿಜ. ಆದರೆ ಸುಣ್ಣದ ಕಲ್ಲಿನ ಪುಡಿಯಲ್ಲಿ ಅದು ಕಾರ್ಬೊನೇಟ್ ಜೊತೆ ಇದೆ. ಜಿಪ್ಸಂನಲ್ಲಿ ಸಲ್ಫೇಟ್ ಜೊತೆ ಇದೆ. ಹುಳಿ ಮಣ್ಣನ್ನು ಸರಿ ಮಾಡುವುದು ಆ ಕಾರ್ಬೊನೇಟ್. ಅದು ಮಣ್ಣಿನ ಹುಳಿಯ ಜೊತೆ ಸೇರಿ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಗಾಳಿ ಹಾರಿ ಹೋಗುತ್ತದೆ, ಅಷ್ಟು ಹುಳಿ ಕಡಿಮೆಯಾಗುತ್ತದೆ. ಕ್ಯಾಲ್ಸಿಯಂ ಅಲ್ಲಿ ಸಿಗುವ ಹೆಚ್ಚುವರಿ ಲಾಭ ಅಷ್ಟೇ. ಸಲ್ಫೇಟ್‌ಗೆ ಹುಳಿಯನ್ನು ಹೀಗೆ ಹಿಡಿದು ತೆಗೆಯುವ ಗುಣವೇ ಇಲ್ಲ. ಹಾಗಾಗಿ ಜಿಪ್ಸಂ ಎಷ್ಟು ಚೀಲ ಸುರಿದರೂ ನಿಮ್ಮ 4.9 ಹೆಚ್ಚುಕಡಿಮೆ 4.9 ಆಗಿಯೇ ಉಳಿಯುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಒಂದು ತಟ್ಟೆಯಲ್ಲಿ ಒಂದು ಚಿಟಿಕೆ ಸುಣ್ಣದ ಕಲ್ಲಿನ ಪುಡಿ, ಇನ್ನೊಂದು ತಟ್ಟೆಯಲ್ಲಿ ಒಂದು ಚಿಟಿಕೆ ಜಿಪ್ಸಂ ಇಡಿ. ಎರಡರ ಮೇಲೂ ನಿಂಬೆರಸ ಹಿಂಡಿ. ಸುಣ್ಣದ ಪುಡಿ ಬುರುಬುರು ನೊರೆ ಬರುತ್ತದೆ. ಜಿಪ್ಸಂ ಒದ್ದೆಯಾಗಿ ಸುಮ್ನೆ ಕೂತಿರುತ್ತದೆ. ತಟ್ಟೆಯಲ್ಲಿ ಕಂಡ ಆ ನೊರೆಯೇ ನಿಮ್ಮ ತೋಟದಲ್ಲಿ ಆಗಬೇಕಾದ ಕೆಲಸ. ಎರಡೂ ಬಿಳಿ ಪುಡಿಗಳೇ ಆದ್ದರಿಂದ ಅಂಗಡಿಯಿಂದ ತಂದ ಚೀಲ ಯಾವುದು ಅಂತ ಅನುಮಾನ ಬಂದರೂ ಇದೇ ಪರೀಕ್ಷೆ ಸಾಕು. ಜಿಪ್ಸಂನಲ್ಲಿ ಸುಣ್ಣದ ಕಲ್ಲು ಬೆರೆತಿದ್ದರೆ ಅಲ್ಲೊಂದು ಇಲ್ಲೊಂದು ಗುಳ್ಳೆ ಕಾಣಬಹುದು. ಮೆಗ್ನೀಸಿಯಂ ಕೂಡ ಇರುವ ಸುಣ್ಣದ ಕಲ್ಲು, ಅಂದರೆ ಡೋಲೋಮೈಟ್ ಆದರೆ ನೊರೆ ನಿಧಾನ, ಪುಡಿ ನುಣ್ಣಗಿದ್ದಷ್ಟೂ ಚೆನ್ನಾಗಿ ಕಾಣುತ್ತದೆ.

ಹುಳಿ ಮಣ್ಣಿನಲ್ಲಿ ತೊಂದರೆ ಕೊಡುವುದು ಬರೀ ಪಿಎಚ್ ಅಂಕಿ ಅಲ್ಲ. ಮಲೆನಾಡಿನಲ್ಲಿ ನೂರಾರು ವರ್ಷಗಳ ಮಳೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದು ಹೋಗಿವೆ. ಪಿಎಚ್ 5.5ಕ್ಕಿಂತ ಕೆಳಗೆ ಬಂದಂತೆ ಮಣ್ಣಿನಲ್ಲಿರುವ ಅಲ್ಯೂಮಿನಿಯಂ ಕರಗಿ ಬೇರಿಗೆ ವಿಷವಾಗುತ್ತದೆ. ಅದರ ಹೊಡೆತ ಮೊದಲು ಬೀಳುವುದು ಬೇರಿನ ತುದಿಗೆ. ಮರದ ಬುಡದಿಂದ ಎರಡಡಿ ದೂರದಲ್ಲಿ ಮೆಲ್ಲಗೆ ಮಣ್ಣು ಬಿಡಿಸಿ ನೋಡಿ. ಎಳೆ ಬೇರುಗಳು ಗಿಡ್ಡಗೆ, ದಪ್ಪಗೆ, ತುದಿ ಕಂದಾಗಿ ಇದ್ದು, ಕವಲೊಡೆದ ಸಣ್ಣ ಬೇರುಗಳು ಕಡಿಮೆ ಇದ್ದರೆ ಅಲ್ಯೂಮಿನಿಯಂ ಮೇಲೆ ಅನುಮಾನ ಪಡಬಹುದು. ನೀರು ನಿಂತ ಜಾಗದಲ್ಲೂ ಬೇರು ಕೆಡುತ್ತದೆ, ಆಗ ಅದು ಕೊಳೆತು ವಾಸನೆ ಬರುತ್ತದೆ. ಹಾಗಾಗಿ ಬಸಿಗಾಲುವೆ ಸರಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಇದೇ ಹುಳಿಯಲ್ಲಿ ನೀವು ಹಾಕಿದ ರಂಜಕವೂ ಕಬ್ಬಿಣ, ಅಲ್ಯೂಮಿನಿಯಂ ಜೊತೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮರಕ್ಕೆ ಸಿಗುವುದು ಕಮ್ಮಿ.

ಜಿಪ್ಸಂ ಹಾಕಿದರೆ ನಷ್ಟ ಹೇಗೆ ಅಂತ ಕೇಳಬಹುದು. ಜಿಪ್ಸಂ ನೀರಿನಲ್ಲಿ ಸುಣ್ಣದ ಕಲ್ಲಿಗಿಂತ ಬಹಳ ಜಾಸ್ತಿ ಕರಗುತ್ತದೆ. ಕರಗಿದ ಕ್ಯಾಲ್ಸಿಯಂ ಮಣ್ಣಿನ ಕಣದ ಮೇಲಿರುವ ಮೆಗ್ನೀಸಿಯಂ ಮತ್ತು ಪೊಟ್ಯಾಷನ್ನು ತಳ್ಳಿಬಿಡುತ್ತದೆ. ನಿಮ್ಮ ಕಡೆಯ ಮಳೆ ಅವನ್ನು ಸಲ್ಫೇಟ್ ಜೊತೆಗೇ ಕೆಳಕ್ಕೆ ಒಯ್ಯುತ್ತದೆ. ಮಲೆನಾಡಿನ ತೋಟಗಳಲ್ಲಿ ಇವೆರಡಕ್ಕೂ ಮೊದಲೇ ಕೊರತೆ. ಕೆಳಗಿನ ಸೋಗೆಗಳು ಹಳದಿಯಾಗತೊಡಗಿದರೆ ನೀವೇ ಅದಕ್ಕೆ ದುಡ್ಡು ಕೊಟ್ಟ ಹಾಗೆ.

ಈಗ ನಿಮ್ಮ ಒಂದು ಎಕರೆಯ ಲೆಕ್ಕ. ಪಿಎಚ್ ಅಂಕಿ ನೋಡಿ ಸುಣ್ಣದ ಪ್ರಮಾಣ ಹೇಳಲು ಆಗಲ್ಲ. ಪಿಎಚ್ 4.9 ಇರುವ ಮರಳು ಮಣ್ಣಿಗೆ ಬೇಕಾದ ಸುಣ್ಣ ಕಡಿಮೆ, ಅದೇ ಪಿಎಚ್ ಇರುವ ಜೇಡಿ ಮತ್ತು ಸಾವಯವ ಅಂಶ ಜಾಸ್ತಿ ಇರುವ ಮಣ್ಣಿಗೆ ಹಲವು ಪಟ್ಟು ಹೆಚ್ಚು. ಯಾಕೆಂದರೆ ನೀರಿನಲ್ಲಿ ಕಾಣುವ ಹುಳಿ ಸ್ವಲ್ಪ, ಕಣಗಳಿಗೆ ಅಂಟಿಕೊಂಡು ಅಡಗಿರುವ ಹುಳಿ ಜಾಸ್ತಿ. ಪ್ರಯೋಗಾಲಯದಲ್ಲಿ 'ಸುಣ್ಣದ ಬೇಡಿಕೆ' ಅಂತ ಬೇರೆ ಪರೀಕ್ಷೆ ಇದೆ, ಅದನ್ನು ಕೇಳಿ ಮಾಡಿಸಿ.

ಆ ವರದಿಯಲ್ಲಿ ಎಕರೆಗೆ 1 ಟನ್ ಶುದ್ಧ ಸುಣ್ಣದ ಕಲ್ಲು ಬೇಕು ಅಂತ ಬಂತು ಎಂದು ಇಟ್ಟುಕೊಳ್ಳೋಣ. ನೀವು ತರುವ ಪುಡಿ ಶುದ್ಧ ಇರುವುದಿಲ್ಲ. ಅದರ ಹುಳಿ ತೆಗೆಯುವ ಶಕ್ತಿ ನೂರಕ್ಕೆ 80 ಅಂತ ಚೀಲದ ಮೇಲೆ ಇದ್ದರೆ, 1,000 ಕೆಜಿಯನ್ನು 0.8ರಿಂದ ಭಾಗಿಸಿ, 1,250 ಕೆಜಿ ಆಯಿತು. ಇದು ಇಡೀ ಎಕರೆಗೆ ಹರಡಿ ಬೆರೆಸುವ ಲೆಕ್ಕ. ನಿಂತ ತೋಟದಲ್ಲಿ ಹಾಗೆ ಅಗೆದರೆ ಬೇರು ಕಡಿಯುತ್ತದೆ. ನಾವು ಹಾಕುವುದು ಮರದ ಬುಡದ ಪಾತಿಗೆ ಮಾತ್ರ. 9 ಅಡಿ ಅಂತರದಲ್ಲಿ ಎಕರೆಗೆ ಸುಮಾರು 550 ಮರ, ಒಂದೊಂದು ಮರಕ್ಕೆ 2 ಕೆಜಿ ಚಿಲ್ಲರೆ ಬರುತ್ತದೆ. ಬುಡದ ಸುತ್ತ ಒಂದು ಮೀಟರ್ ತನಕದ ಪಾತಿ ಆ ಮರದ ಜಾಗದಲ್ಲಿ ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಹಾಗಾಗಿ ಪಾತಿಗೆ ಬೇಕಿರುವುದು ಮರಕ್ಕೆ ಸುಮಾರು 1 ಕೆಜಿ. ಅದನ್ನು ಒಂದೇ ಸಲ ಸುರಿಯದೆ ಈ ವರ್ಷ ಅರ್ಧ ಕೆಜಿ, ಮುಂದಿನ ವರ್ಷ ಅರ್ಧ ಕೆಜಿ ಕೊಡಿ. ಅಡಿಕೆಗೆ ಸಾಮಾನ್ಯವಾಗಿ ಹೇಳುವ ಶಿಫಾರಸು, ಅಂದರೆ ಹುಳಿ ಮಣ್ಣಿನಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಮರಕ್ಕೆ ಅರ್ಧ ಕೆಜಿ, ಇದಕ್ಕೆ ಹತ್ತಿರವೇ ಇದೆ. ವರದಿ ಕೈಯಲ್ಲಿ ಇಲ್ಲದಿದ್ದರೆ ಆ ಅರ್ಧ ಕೆಜಿಯಿಂದ ಶುರು ಮಾಡಬಹುದು, ಹೆಚ್ಚು ಬೇಡ.

ಹಾಕುವ ಕಾಲ ಮಾರ್ಚ್ ಕೊನೆಯಿಂದ ಏಪ್ರಿಲ್. ಮಣ್ಣಿನಲ್ಲಿ ಪಸೆ ಇರಬೇಕು, ಆದರೆ ಜಡಿಮಳೆ ಇರಬಾರದು. ಜೂನ್ ಜುಲೈನಲ್ಲಿ ಹಾಕಿದರೆ ಇಳಿಜಾರಿನ ತೋಟದಲ್ಲಿ ಪುಡಿ ನೀರಿನ ಜೊತೆ ಹಳ್ಳ ಸೇರುತ್ತದೆ. ಮೊದಲು ಪಾತಿಯ ಸೊಪ್ಪು, ಒಣ ಎಲೆ ಸರಿಸಿ. ಪುಡಿಯನ್ನು ಕಾಂಡಕ್ಕೆ ತಾಗದಂತೆ ಸುತ್ತ ಎರಚಿ, ಎರಡು ಮೂರು ಅಂಗುಲ ಮೇಲೆ ಮೇಲೆ ಕೆದಕಿ ಬೆರೆಸಿ, ಆಮೇಲೆ ಸೊಪ್ಪು ಮುಚ್ಚಿ. ಸೊಪ್ಪಿನ ಮೇಲೆಯೇ ಎರಚಿ ಬಿಟ್ಟರೆ ಅದು ಬೇರಿನ ಹತ್ತಿರ ಹೋಗಲು ವರ್ಷಗಟ್ಟಲೆ ಬೇಕು, ಸುಣ್ಣ ತಾನಾಗಿ ಕೆಳಕ್ಕೆ ಇಳಿಯುವುದು ಬಹಳ ನಿಧಾನ. ಪುಡಿ ಹಿಟ್ಟಿನಷ್ಟು ನುಣ್ಣಗಿರಬೇಕು. ರವೆಯಂಥ ದಪ್ಪ ಕಾಳು ನಾಲ್ಕು ವರ್ಷವಾದರೂ ಹಾಗೇ ಉಳಿದುಬಿಡಬಹುದು.

ಸುಣ್ಣ ಹಾಕಿ ಮೂರು ನಾಲ್ಕು ವಾರ ಯೂರಿಯಾ, ಅಮೋನಿಯಂ ಇರುವ ಗೊಬ್ಬರ, ಹಸಿ ಸಗಣಿ ಗೊಬ್ಬರ ಯಾವುದನ್ನೂ ಅದರ ಜೊತೆ ಬೆರೆಸಬೇಡಿ. ಬೆರೆಸಿದರೆ ಸಾರಜನಕ ಅಮೋನಿಯಾ ಗಾಳಿಯಾಗಿ ಹಾರಿಹೋಗುತ್ತದೆ. ಏಪ್ರಿಲ್‌ನಲ್ಲಿ ಸುಣ್ಣ, ಮೇ ಕೊನೆಗೆ ಗೊಬ್ಬರ ಅಂತ ಇಟ್ಟುಕೊಂಡರೆ ಗೊಂದಲ ಇಲ್ಲ. ಬೋರ್ಡೋ ಮಾಡಲು ತಂದ ಸುಟ್ಟ ಸುಣ್ಣವನ್ನು ತೋಟಕ್ಕೆ ಎರಚುವವರಿದ್ದಾರೆ. ಅದರ ಶಕ್ತಿ ಸುಣ್ಣದ ಕಲ್ಲಿನ ಪುಡಿಗಿಂತ ಮುಕ್ಕಾಲು ಪಾಲು ಜಾಸ್ತಿ, ಬೇರು, ಕೈ, ಕಣ್ಣು ಎಲ್ಲವನ್ನೂ ಸುಡುತ್ತದೆ. ನಿಂತ ತೋಟಕ್ಕೆ ಅದು ಬೇಡ. ವರದಿಯಲ್ಲಿ ಮೆಗ್ನೀಸಿಯಂ ಕಡಿಮೆ ಅಂತ ಇದ್ದರೆ ಡೋಲೋಮೈಟ್ ತನ್ನಿ, ಕೆಲಸ ನಿಧಾನ ಆದರೂ ಎರಡೂ ಸಿಗುತ್ತದೆ. ನಿಮ್ಮ ಗುರಿ ಪಿಎಚ್ 6ರ ಹತ್ತಿರ. 7ಕ್ಕೆ ಏರಿಸುವ ಆಸೆ ಬೇಡ. ಅಲ್ಲಿಗೆ ಹೋದರೆ ಬೋರಾನ್, ಸತು, ಕಬ್ಬಿಣ ಸಿಗುವುದು ಕಷ್ಟವಾಗಿ ಬೇರೆ ತೊಂದರೆ ಶುರುವಾಗುತ್ತದೆ.

ಇನ್ನು ನಿಮ್ಮ ಭಾವನ ಗದ್ದೆ. ಅಲ್ಲಿ ಕಾಯಿಲೆಯೇ ಬೇರೆ. ಮಣ್ಣಿನ ಕಣಗಳ ಮೇಲೆ ಸೋಡಿಯಂ ಕೂತಿದೆ. ಸೋಡಿಯಂ ಜಾಸ್ತಿಯಾದಾಗ ಜೇಡಿ ಕಣಗಳು ಒಂದಕ್ಕೊಂದು ಅಂಟಿ ಹೆಂಟೆಯಾಗಿ ನಿಲ್ಲುವುದಿಲ್ಲ. ನೀರು ಬಿದ್ದರೆ ಬಿಡಿಬಿಡಿಯಾಗಿ ಕದಡಿ, ಸಣ್ಣ ರಂಧ್ರಗಳನ್ನೆಲ್ಲ ಮುಚ್ಚುತ್ತವೆ. ಒಣಗಿದರೆ ಕಲ್ಲು, ಒದ್ದೆಯಾದರೆ ರಾಡಿ. ನೀರು ಕೆಳಗೆ ಇಳಿಯುವುದಿಲ್ಲ. ಇಲ್ಲಿ ಬೇಕಾದ ಕೆಲಸ ಸೋಡಿಯಂ ಎಬ್ಬಿಸಿ ಆ ಜಾಗದಲ್ಲಿ ಕ್ಯಾಲ್ಸಿಯಂ ಕೂರಿಸುವುದು. ಈ ಸಲ ಕೆಲಸ ಮಾಡುವುದು ಕ್ಯಾಲ್ಸಿಯಮ್ಮೇ. ಸಲ್ಫೇಟ್ ಎದ್ದ ಸೋಡಿಯಂ ಜೊತೆ ಸೇರಿ ನೀರಿನಲ್ಲಿ ಕರಗುವ ಉಪ್ಪಾಗಿ ಹೊರಗೆ ಹೋಗಲು ದಾರಿ ಮಾಡುತ್ತದೆ.

ಸುಣ್ಣದಲ್ಲೂ ಕ್ಯಾಲ್ಸಿಯಂ ಇದೆಯಲ್ಲ, ಅದು ಯಾಕೆ ಎದ್ದು ಬರಲ್ಲ? ಸುಣ್ಣದ ಕಲ್ಲು ಕರಗಬೇಕಾದರೆ ಹುಳಿ ಬೇಕು. ನಿಮ್ಮ ತೋಟದಲ್ಲಿ ಅದು ಕರಗುವುದೇ ಅಲ್ಲಿನ ಹುಳಿಯಿಂದ. ಪಿಎಚ್ 9ರಲ್ಲಿ ಹುಳಿ ಎಲ್ಲಿಂದ ಬರಬೇಕು? ಜಿಪ್ಸಂ ಲೀಟರ್ ನೀರಿಗೆ ಸುಮಾರು ಎರಡೂವರೆ ಗ್ರಾಂ ಕರಗುತ್ತದೆ, ಸುಣ್ಣದ ಕಲ್ಲು ಬರೀ ನೀರಿನಲ್ಲಿ ಅದರ ನೂರನೇ ಒಂದು ಭಾಗವೂ ಕರಗಲ್ಲ. ಭಾವನ ಗದ್ದೆಯ ಕಪ್ಪು ಮಣ್ಣಿನಲ್ಲಿ ಬಿಳಿ ಸುಣ್ಣದ ಹರಳುಗಳು ಈಗಾಗಲೇ ಬೇಕಾದಷ್ಟು ಇರುತ್ತವೆ. ಒಂದು ಹೆಂಟೆಯ ಮೇಲೆ ನಿಂಬೆರಸ ಹಿಂಡಿದರೆ ನೊರೆ ಬಂದೀತು. ಅಷ್ಟು ಸುಣ್ಣ ಇದ್ದೂ ಮಣ್ಣು ಕೆಟ್ಟಿದೆ ಅಂದಮೇಲೆ ಇನ್ನೂ ಹತ್ತು ಚೀಲ ಹಾಕಿ ಪ್ರಯೋಜನ ಏನು?

ಸೋಡಿಯಂ ಇದೆಯಾ ಅಂತ ನೋಡಲು ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಮಳೆನೀರು ಅಥವಾ ಆರ್‌ಓ ನೀರು ತುಂಬಿಸಿ, ಬೋರ್ ನೀರು ಬೇಡ. ಒಂದರಲ್ಲಿ ಅರ್ಧ ಚಮಚ ಜಿಪ್ಸಂ ಹಾಕಿ ಚೆನ್ನಾಗಿ ಕಲಕಿ ತಿಳಿಯಾಗಲು ಬಿಡಿ. ಆಮೇಲೆ ಗದ್ದೆಯ ಒಣ ಮಣ್ಣಿನ ಕಡಲೆಕಾಳಿನಷ್ಟು ಉಂಡೆಯನ್ನು ಎರಡಕ್ಕೂ ಮೆಲ್ಲಗೆ ಬಿಡಿ, ಮತ್ತೆ ಅಲುಗಿಸಬೇಡಿ. ಸವಳು ಮಣ್ಣಾದರೆ ಬರೀ ನೀರಿನ ಲೋಟದಲ್ಲಿ ಉಂಡೆಯ ಸುತ್ತ ಹಾಲಿನಂಥ ಮಬ್ಬು ಹರಡಿ ಮರುದಿನವೂ ತಿಳಿಯಾಗುವುದಿಲ್ಲ. ಜಿಪ್ಸಂ ಇರುವ ಲೋಟದಲ್ಲಿ ಉಂಡೆ ಕುಸಿದರೂ ನೀರು ತಿಳಿಯಾಗಿಯೇ ಇರುತ್ತದೆ. ಎರಡು ಲೋಟದಲ್ಲೂ ನೀರು ತಿಳಿ ಇದ್ದರೆ ಆ ಮಣ್ಣಿಗೆ ಜಿಪ್ಸಂ ಯಾಕೆ ಅಂತ ಮತ್ತೆ ಯೋಚನೆ ಮಾಡಬೇಕು. ಉಪ್ಪು ಬಹಳ ಜಾಸ್ತಿ ಇರುವ ಮಣ್ಣಿನಲ್ಲೂ ಮಬ್ಬು ಕಾಣದೆ ಇರಬಹುದು, ಹಾಗಾಗಿ ಪ್ರಯೋಗಾಲಯದ ವರದಿಯನ್ನು ಬಿಡುವಂತಿಲ್ಲ.

ಭಾವನಿಗೆ ಬೇಕಾದ ವರದಿಯ ಹೆಸರು 'ಜಿಪ್ಸಂ ಬೇಡಿಕೆ'. ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಪಿಎಚ್, ಒಟ್ಟು ಉಪ್ಪಿನ ಅಳತೆಯಾದ ಇಸಿ ಇವೆ, ಸೋಡಿಯಂ ಇಲ್ಲ. ಬೇರೆಯಾಗಿ ಕೇಳಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಸವಳು ಜವಳು ಮಣ್ಣಿನ ಮೇಲೆಯೇ ಕೆಲಸ ಮಾಡುತ್ತಾರೆ, ಸಿಂಧನೂರಿಗೆ ಅದು ಹತ್ತಿರ. ವರದಿಯಲ್ಲಿ ಎಕರೆಗೆ 4 ಟನ್ ಅಂತ ಬಂದರೆ, ಭತ್ತಕ್ಕೆ ಅದರ ಅರ್ಧ, 2 ಟನ್ ಸಾಕು. ಭತ್ತ ಸೋಡಿಯಂ ತಡೆಯುತ್ತದೆ, ಅದರ ಬೇರು ಮತ್ತು ನಿಂತ ನೀರು ಉಳಿದ ಕೆಲಸಕ್ಕೆ ನೆರವಾಗುತ್ತವೆ. ಜಿಪ್ಸಂ ಶುದ್ಧತೆ ನೂರಕ್ಕೆ 75 ಇದ್ದರೆ 2,000 ಕೆಜಿಯನ್ನು 0.75ರಿಂದ ಭಾಗಿಸಿ, ಸುಮಾರು 2,670 ಕೆಜಿ. 50 ಕೆಜಿಯ 53 ಚೀಲ. ಅವರು ಹಾಕಿದ್ದು 30. ವರದಿ ಹೀಗೇ ಬಂದರೆ ಉಳಿದ 20 ಚೀಲ ಅದೇ ಗದ್ದೆಗೆ ಸೇರಬೇಕು.

ಹಾಕುವ ರೀತಿಯಲ್ಲೇ ಬಹಳ ಜನ ಎಡವುತ್ತಾರೆ. ಮೊದಲು ಗದ್ದೆ ಮಟ್ಟ ಮಾಡಿ ಬದು ಕಟ್ಟಬೇಕು. ಜಿಪ್ಸಂ ಎರಚಿ ಮೇಲಿನ ನಾಲ್ಕು ಅಂಗುಲದಲ್ಲಿ ಮಾತ್ರ ಬೆರೆಸಬೇಕು. ಆಳಕ್ಕೆ ಉತ್ತರೆ ಅದು ತೆಳುವಾಗಿ ಹಂಚಿಹೋಗಿ ಎಲ್ಲೂ ಪೂರ್ತಿ ಕೆಲಸ ಮಾಡಲ್ಲ. ಆಮೇಲೆ ನೀರು ಕಟ್ಟಿ ಹತ್ತು ಹದಿನೈದು ದಿನ ನಿಲ್ಲಿಸಬೇಕು. 2 ಟನ್ ಶುದ್ಧ ಜಿಪ್ಸಂ ಕರಗಲು ಲೆಕ್ಕದ ಪ್ರಕಾರ ಎಂಟು ಲಕ್ಷ ಲೀಟರ್ ನೀರು ಬೇಕು. ಒಂದು ಎಕರೆಯಲ್ಲಿ ಅದು ಎಂಟು ಅಂಗುಲ ನೀರು. ಒಂದು ಸಣ್ಣ ಮಳೆಗೆ ಇಷ್ಟು ಕೆಲಸ ಆಗಲ್ಲ. ನೀರು ಮಣ್ಣಿನೊಳಗೆ ಇಳಿದು ಬಸಿಗಾಲುವೆ ಸೇರಬೇಕು, ಎದ್ದ ಸೋಡಿಯಂ ಆ ದಾರಿಯಲ್ಲೇ ಹೊರಗೆ ಹೋಗುವುದು. ತುಂಗಭದ್ರಾ ನಾಲೆಯ ಬಯಲಲ್ಲಿ ಹಲವು ಕಡೆ ಅಂತರ್ಜಲ ಮೇಲೆ ಬಂದುಬಿಟ್ಟಿದೆ. ಬಸಿಗಾಲುವೆ ಇಲ್ಲದ ಅಂಥ ಗದ್ದೆಗೆ ಜಿಪ್ಸಂ ಹಾಕಿದರೆ ಮೊದಲ ಬೆಳೆ ಸ್ವಲ್ಪ ಚೆನ್ನಾಗಿ ಕಾಣಬಹುದು. ಬೇಸಿಗೆಯಲ್ಲಿ ಕೆಳಗಿನ ನೀರು ಆರಿ ಮೇಲೆ ಬರುವಾಗ ಉಪ್ಪನ್ನು ಮತ್ತೆ ಅಲ್ಲೇ ತಂದು ಬಿಡುತ್ತದೆ. ಭಾವನಿಗೆ ನನ್ನ ಸಲಹೆ ಇಷ್ಟೇ: ದುಡ್ಡು ಒಂದಕ್ಕೇ ಸಾಲುತ್ತದೆ ಅಂದರೆ ಮೊದಲು ಬಸಿಗಾಲುವೆ, ಆಮೇಲೆ ಜಿಪ್ಸಂ. ಅದಾದ ಮೇಲೆ ಡಯಾಂಚ ಬೆಳೆದು ಮಣ್ಣಿಗೆ ಸೇರಿಸಿದರೆ ನೀರು ಇಳಿಯುವುದು ಇನ್ನೂ ಸುಧಾರಿಸುತ್ತದೆ.

ಪಿಎಚ್ 8ರ ಮೇಲಿದೆ ಅಂದ ತಕ್ಷಣ ಜಿಪ್ಸಂ ಅಲ್ಲ, ಇದನ್ನು ಬಯಲುಸೀಮೆಯ ಓದುಗರೂ ಗಮನಿಸಬೇಕು. ಉತ್ತರ ಕರ್ನಾಟಕದ ಒಳ್ಳೆಯ ಎರೆಮಣ್ಣಿನಲ್ಲಿ ಪಿಎಚ್ 8.2, 8.3 ಇರುವುದು ಅಲ್ಲಿರುವ ಸುಣ್ಣದ ಹರಳಿನಿಂದ. ಸೋಡಿಯಂ ಇಲ್ಲದ ಮೇಲೆ ಜಿಪ್ಸಂ ಆ ಅಂಕಿಯನ್ನು ಇಳಿಸುವುದಿಲ್ಲ, ಇಳಿಸುವ ಅಗತ್ಯವೂ ಇಲ್ಲ. 8.5 ದಾಟಿದಾಗ ಸೋಡಿಯಂ ಮೇಲೆ ಅನುಮಾನ ಪಡಬೇಕು. ಇನ್ನು ಇಸಿ ಮಾತ್ರ ಜಾಸ್ತಿ ಇದ್ದು, ಪಿಎಚ್ 8.5ರ ಒಳಗೆ ಇದ್ದು, ಸೋಡಿಯಂ ಹೆಚ್ಚಿಲ್ಲದಿದ್ದರೆ ಅದು ಬರೀ ಉಪ್ಪಿನ ತೊಂದರೆ. ಒಳ್ಳೆ ನೀರು ಕೊಟ್ಟು ಬಸಿದರೆ ಹೋಗುತ್ತದೆ.

ಪಿಎಚ್ ವಿಷಯವೇ ಇಲ್ಲದೆ ಜಿಪ್ಸಂ ಕೇಳುವ ಬೆಳೆ ಶೇಂಗಾ. ಅದರ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಬೇರಿನಿಂದಲ್ಲ, ಸುತ್ತಲಿನ ಮಣ್ಣಿನಿಂದ ನೇರವಾಗಿ ಎಳೆಯುತ್ತದೆ. ಹೂವಾಗಿ ಊಡು ಇಳಿಯುವ ಹೊತ್ತಿಗೆ ಎಕರೆಗೆ 200 ಕೆಜಿ ಜಿಪ್ಸಂ ಬುಡಕ್ಕೆ ಕೊಟ್ಟು ಮಣ್ಣು ಏರಿಸುವುದು ಅದಕ್ಕೇ. ಆ ಹೊತ್ತಲ್ಲಿ ಬೇಗ ಕರಗುವುದು ಬೇಕು, ಸುಣ್ಣ ಅಷ್ಟು ಬೇಗ ಕರಗಲ್ಲ.

ಹುಳಿ ಮಣ್ಣಿಗೂ ಜಿಪ್ಸಂ ಹಾಕುತ್ತಾರೆ ಅಂತ ನೀವು ಎಲ್ಲಾದರೂ ಕೇಳಿದ್ದರೆ ಅದು ಬ್ರೆಜಿಲ್‌ನ ಸೆರಾಡೊ ಬಯಲಿನ ವಿಷಯ ಇರಬಹುದು. ಅಲ್ಲಿ ಕೆಳಮಣ್ಣಿನ ಅಲ್ಯೂಮಿನಿಯಂ ಬೇರನ್ನು ಆಳಕ್ಕೆ ಇಳಿಯಲು ಬಿಡುವುದಿಲ್ಲ, ಮೇಲೆ ಹಾಕಿದ ಸುಣ್ಣ ಅಲ್ಲಿಗೆ ತಲುಪುವುದಿಲ್ಲ. ಕರಗಿ ಕೆಳಗಿಳಿಯುವ ಜಿಪ್ಸಂ ಅಲ್ಯೂಮಿನಿಯಂನ ವಿಷ ತಗ್ಗಿಸುತ್ತದೆ, ಪಿಎಚ್ ಹೆಚ್ಚು ಬದಲಾಗದಿದ್ದರೂ. ಅವರು ಮೊದಲು ಸುಣ್ಣ ಹಾಕಿ, ಕೆಳಮಣ್ಣು ಪರೀಕ್ಷೆ ಮಾಡಿಸಿ, ಆಮೇಲೆ ಜಿಪ್ಸಂ ಕೊಡುತ್ತಾರೆ. ನಿಮ್ಮ ತೋಟದಲ್ಲಿ ಮೇಲ್ಮಣ್ಣೇ ಇನ್ನೂ 4.9 ಇದೆ.

ಮುಂದಿನ ವರ್ಷ ಎರಡನೇ ಅರ್ಧ ಕೆಜಿ ಹಾಕುವ ಮೊದಲು ಮಾರ್ಚ್‌ನಲ್ಲೇ ಮತ್ತೆ ಮಣ್ಣು ಪರೀಕ್ಷೆ ಮಾಡಿಸಿ. ಮಾದರಿಯನ್ನು ಸುಣ್ಣ ಬಿದ್ದ ಪಾತಿಯ ಒಳಗಿಂದ, ಸೊಪ್ಪು ಸರಿಸಿ, ಅರ್ಧ ಅಡಿ ಆಳದ ತನಕ ತೆಗೆಯಿರಿ. ಹತ್ತು ಹನ್ನೆರಡು ಮರಗಳದ್ದು ಸೇರಿಸಿ ಒಂದು ಮಾದರಿ ಮಾಡಿ. ಮರಗಳ ನಡುವಿನ ಸುಣ್ಣ ಬೀಳದ ಜಾಗದಿಂದ ಇನ್ನೊಂದು ಮಾದರಿ ಬೇರೆ ಕಳಿಸಿ, ಎರಡನ್ನೂ ಬೆರೆಸಬೇಡಿ. ಪಾತಿಯದು 5.5 ದಾಟಿದ್ದರೆ ಎರಡನೇ ಕಂತನ್ನು ಇನ್ನೊಂದು ವರ್ಷ ಮುಂದಕ್ಕೆ ಹಾಕಬಹುದು. ಎರಡು ಮಾದರಿಗಳಲ್ಲೂ ಒಂದೇ ಅಂಕಿ ಬಂದರೆ ಪುಡಿ ದಪ್ಪ ಇತ್ತಾ ಅಥವಾ ಬೆರೆಸದೆ ಮೇಲೆಯೇ ಉಳಿಯಿತಾ ಅಂತ ಪಾತಿ ಕೆದಕಿ ನೋಡಿ.